ಇಟಾಲಿಯನ್ ಔಷಧದ ಮಾಹಿತಿ ಹಾಳೆ ಸರಳ ಇಂಗ್ಲಿಷ್‌ಗೆ ಬಂದ ಬಗೆ: ಒಂದು ಪ್ರಕರಣ

ಹಾಸನದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಇಟಲಿಯ ಟೊರಿನೊದಲ್ಲಿರುವ ಮಗನ ಮನೆಗೆ ಬಂದಿದ್ದರು. ವಯಸ್ಸು 70 ದಾಟಿದೆ. ಅಲ್ಲಿನ ಚಳಿಗೆ ಮಂಡಿ ನೋವು ಜಾಸ್ತಿಯಾಯಿತು. ವೈದ್ಯರು ಕೀಟೊಪ್ರೊಫೆನ್ ಲೈಸಿನ್ ಸಾಲ್ಟ್ ಬರೆದುಕೊಟ್ಟರು. ಇಟಲಿಯಲ್ಲಿ ಬಹಳ ಮನೆಗಳಲ್ಲಿ ಕಾಣುವ ನೋವಿನ ಔಷಧ ಇದು. 80 ಮಿಲಿಗ್ರಾಂನ ಪುಟ್ಟ ಪುಡಿ ಪ್ಯಾಕೆಟ್‌ನಲ್ಲಿ ಬರುತ್ತದೆ, ನೀರಿಗೆ ಹಾಕಿ ಕಲಸಿ ಕುಡಿಯಬೇಕು. ಕುಡಿದ ಮೇಲೆ ನೋವು ಇಳಿಯಿತು, ಅಮ್ಮನಿಗೆ ಖುಷಿಯಾಯಿತು.

ಅಲ್ಲಿಂದ ಮುಂದೆ ಅವರು ಐರ್ಲೆಂಡಿನ ಕಾರ್ಕ್‌ನಲ್ಲಿರುವ ಮಗಳ ಮನೆಗೆ ಹೋಗುವವರಿದ್ದರು. ಉಳಿದ ಪ್ಯಾಕೆಟ್‌ಗಳೂ ಜೊತೆಗೆ ಹೊರಟಿದ್ದವು. ಮಗಳು ಹಗಲು ಕೆಲಸಕ್ಕೆ ಹೋಗುತ್ತಾಳೆ. ಮನೆಯಲ್ಲೇ ಕೂತು ಕೆಲಸ ಮಾಡುವುದು ಅಳಿಯ, ಅವರು ಐರಿಷ್. ಡಬ್ಬಿಯೊಳಗಿನ ಹಾಳೆಯೋ ಪೂರ್ತಿ ಇಟಾಲಿಯನ್. ಔಷಧಕ್ಕೆ ಸಂಬಂಧಿಸಿದ ಇಟಾಲಿಯನ್ ಬರಹಗಳನ್ನು ಇಂಗ್ಲಿಷ್‌ಗೆ ತರುವುದು ನನ್ನ ಕೆಲಸವಾದ್ದರಿಂದ ಮಗ ಆ ಹಾಳೆ ಹಿಡಿದು ನನ್ನ ಬಳಿ ಬಂದ. "ಅಕ್ಕ, ಸರಳವಾಗಿ ಬರ್ಕೊಡಿ ಸಾಕು. ಅಮ್ಮನೂ ಓದ್ಬೇಕು, ಭಾವನೂ ಓದ್ಬೇಕು" ಎಂದ. ಕೆಲಸದ ಜಾಗದಲ್ಲಿ ಕಲಿತ ಇಟಾಲಿಯನ್‌ನಿಂದ ತಾನೇ ಒಂದು ಕರಡನ್ನೂ ಮಾಡಿಕೊಂಡು ಬಂದಿದ್ದ.

ಹಾಳೆಯ ಕಟ್ಟು

ಈ ಹಾಳೆಗೆ ಇಟಲಿಯಲ್ಲಿ ಫೊಲ್ಯೊ ಇಲ್ಲುಸ್ತ್ರತೀವೊ ಎನ್ನುತ್ತಾರೆ. ಜನ ಆಡುಮಾತಿನಲ್ಲಿ ಬುಜಾರ್ದೀನೊ ಎನ್ನುವುದೇ ಹೆಚ್ಚು. ಯುರೋಪಿಯನ್ ಒಕ್ಕೂಟದ ಯಾವ ದೇಶದ ಹಾಳೆ ತೆಗೆದುಕೊಂಡರೂ ಈಗ ಒಳಗಿನ ಕಟ್ಟು ಒಂದೇ. ಆರು ಭಾಗ, ಅದೇ ಕ್ರಮ: ಔಷಧ ಏನು ಮತ್ತು ಯಾವುದಕ್ಕೆ, ತೆಗೆದುಕೊಳ್ಳುವ ಮೊದಲು ತಿಳಿದಿರಬೇಕಾದದ್ದು, ತೆಗೆದುಕೊಳ್ಳುವ ಬಗೆ, ಅಡ್ಡ ಪರಿಣಾಮ, ಇಡುವ ಬಗೆ, ಡಬ್ಬಿಯಲ್ಲಿ ಏನಿದೆ. ಈ ಆರು ತಲೆಬರಹಗಳಿಗೆ ಇಂಗ್ಲಿಷ್‌ನಲ್ಲೂ ಅಧಿಕೃತ ರೂಪ ಇದೆ. ಐರ್ಲೆಂಡಿನ ಯಾವುದೇ ಔಷಧದ ಡಬ್ಬಿ ತೆರೆದರೂ ಅದೇ ಕಾಣುತ್ತದೆ. ಹಾಗಾಗಿ ತಲೆಬರಹಕ್ಕೆ ಹೊಸ ಮಾತು ಹುಡುಕಲು ಹೋಗಬಾರದು. ಓದುವವರ ಕಣ್ಣಿಗೆ ಆ ಸಾಲುಗಳು ಆಗಲೇ ಪರಿಚಯ ಇರುತ್ತವೆ.

ಮೊದಲು ನೋಡಬೇಕಾದದ್ದು ಹಾಳೆಯ ಕೊನೆಯಲ್ಲಿರುವ ಪರಿಷ್ಕರಣೆಯ ದಿನಾಂಕ. ಅದನ್ನು ಇಟಲಿಯ ಔಷಧ ಸಂಸ್ಥೆ ಐಫಾದ ಔಷಧ ದತ್ತಾಂಶ ತಾಣದಲ್ಲಿರುವ ಪ್ರತಿಯ ಜೊತೆ ಹೋಲಿಸಬೇಕು. ಅಂಗಡಿಯ ಕಪಾಟಿನಲ್ಲಿ ಕೂತಿದ್ದ ಡಬ್ಬಿಯಲ್ಲಿ ಹಳೆಯ ಹಾಳೆ ಇರಬಹುದು. ಅಷ್ಟರಲ್ಲಿ ಹೊಸ ಎಚ್ಚರಿಕೆ ಸೇರಿರಬಹುದು. ಅದೇ ತಾಣದಲ್ಲಿ ವೈದ್ಯರಿಗಾಗಿ ಬರೆದ ಉದ್ದನೆಯ ದಾಖಲೆಯೂ ಸಿಗುತ್ತದೆ. ಹಾಳೆಯ ಒಂದು ಸಾಲು ಗೊಂದಲ ಹುಟ್ಟಿಸಿದರೆ ಅಲ್ಲಿ ನೋಡಿ ಅರ್ಥ ಖಚಿತ ಮಾಡಿಕೊಳ್ಳಬಹುದು.

ಇನ್ನೊಂದು ಮಾತನ್ನು ಮಗನಿಗೆ ಆಗಲೇ ಹೇಳಿದೆ. ಆಸ್ಪತ್ರೆಗೋ ಸರ್ಕಾರಿ ಕಚೇರಿಗೋ ದೃಢೀಕರಿಸಿದ ಅನುವಾದ ಬೇಕೆಂದರೆ ಸಾಲಿನ ಕ್ರಮವನ್ನೂ ಮುಟ್ಟುವಂತಿಲ್ಲ. ಇದು ಹಾಗಲ್ಲ, ಮನೆಯವರು ಓದಿ ನಡೆಯಲು ಮಾಡುವ ಹಾಳೆ. ಇಲ್ಲಿ ಕ್ರಮ ಬದಲಿಸಬಹುದು, ಸಾಲು ಮುರಿಯಬಹುದು. ಆದರೆ ಮೂರನ್ನು ಮುಟ್ಟಬಾರದು: ಅಂಕಿ, ಷರತ್ತು, ಮತ್ತು ಮಾತಿನ ಬಿಗಿ. "ಬೇಡವೇ ಬೇಡ" ಎಂದಿರುವುದು "ಆದಷ್ಟು ಬೇಡ" ಆಗಬಾರದು. ಮೂಲ ಹಾಳೆಯೂ ಡಬ್ಬಿಯೊಳಗೇ ಇರಬೇಕು.

ಎಷ್ಟು, ಯಾವಾಗ, ಹೇಗೆ

ಬಳಸುವ ವಿಧಾನದಿಂದ ಶುರು ಮಾಡಿದೆ. ಹಾಳೆಯ ಪ್ರಕಾರ ದೊಡ್ಡವರಿಗೆ 80 ಮಿಲಿಗ್ರಾಂನ ಒಂದು ಪೂರ್ತಿ ಪ್ಯಾಕೆಟ್, ದಿನಕ್ಕೆ ಮೂರು ಸಲ, ಊಟದ ಜೊತೆ. 6ರಿಂದ 14 ವರ್ಷದ ಮಕ್ಕಳಿಗೆ ಅರ್ಧ, ಅಂದರೆ 40 ಮಿಲಿಗ್ರಾಂ. ಇಲ್ಲಿವರೆಗೆ ಕಷ್ಟ ಇಲ್ಲ. ಮುಂದಿನ ಸಾಲು ವಯಸ್ಸಾದವರದ್ದು, ಅಂದರೆ ನಮ್ಮ ಅಮ್ಮನದ್ದು.

ಆ ಸಾಲಿನಲ್ಲಿ ಹೇಳಿರುವುದು ಇಷ್ಟು: ವಯಸ್ಸಾದವರಿಗೆ ಪ್ರಮಾಣವನ್ನು ವೈದ್ಯರು ಜಾಗ್ರತೆಯಿಂದ ನಿರ್ಧರಿಸಬೇಕು, ಮೇಲೆ ಹೇಳಿದ ಪ್ರಮಾಣವನ್ನು ಇಳಿಸಬೇಕಾಗುತ್ತದೆಯೇ ಎಂದು ನೋಡಬೇಕು. ಇದರಲ್ಲಿ 'ಎವೆಂತುಆಲೆ' ಎಂಬ ಪದ ಇದೆ. ಮಗ ತನ್ನ ಕರಡಿನಲ್ಲಿ ಅದನ್ನು 'ಎವೆಂಚುವಲ್ ರಿಡಕ್ಷನ್' ಎಂದು ಬರೆದಿದ್ದ. ಕೇಳಲು ಒಂದೇ ತರಹ ಇದೆ, ಅರ್ಥ ಬೇರೆ. ಇಂಗ್ಲಿಷ್ ಪದ ಓದಿದವರು "ಕೊನೆಗೆ ಹೇಗೂ ಇಳಿಸುತ್ತಾರೆ, ಈಗ ಪೂರ್ತಿ ಪ್ರಮಾಣ ಇರಲಿ" ಎಂದುಕೊಳ್ಳುತ್ತಾರೆ. ಇಟಾಲಿಯನ್ ಪದದಲ್ಲಿ ಕಾಲದ ಮಾತೇ ಇಲ್ಲ. "ಬೇಕಾದರೆ" ಎಂಬ ಅರ್ಥ ಅಷ್ಟೇ. ಇಳಿಸುವ ವಿಷಯವನ್ನು ಮೊದಲ ಪ್ಯಾಕೆಟ್ ಒಡೆಯುವ ಮೊದಲೇ ಕೇಳಬೇಕು.

ನಾನು ಬರೆದ ಇಂಗ್ಲಿಷ್ ಸಾಲುಗಳು ಮೂರು, ಪುಟ್ಟವು: 'ಇಫ್ ಯೂ ಆರ್ ಆ್ಯನ್ ಓಲ್ಡರ್ ಪರ್ಸನ್, ಡೂ ನಾಟ್ ಚೂಸ್ ದಿ ಡೋಸ್ ಯುವರ್‌ಸೆಲ್ಫ್. ಯುವರ್ ಡಾಕ್ಟರ್ ವಿಲ್ ಡಿಸೈಡ್ ಇಟ್. ಇಟ್ ಮೇ ನೀಡ್ ಟು ಬಿ ಲೋವರ್ ದ್ಯಾನ್ ದಿ ಅಡಲ್ಟ್ ಡೋಸ್.' ಮಗ ಇದನ್ನು ನೋಡಿ, "ಹಾಗಾದ್ರೆ ಅಮ್ಮನಿಗೆ ಅರ್ಧ ಪ್ಯಾಕೆಟ್ ಅಂತ ಬರೆದುಬಿಡೋಣ್ವಾ?" ಎಂದು ಕೇಳಿದ. ಬೇಡ ಎಂದೆ. ಅರ್ಧ ಎಂಬ ಮಾತು ಹಾಳೆಯಲ್ಲಿ ಇರುವುದು ಮಕ್ಕಳ ಜಾಗದಲ್ಲಿ. ವಯಸ್ಸಾದವರಿಗೆ ಎಷ್ಟು ಎಂದು ಅಂಕಿ ಕೊಟ್ಟಿಲ್ಲ. ಅನುವಾದಕರು ಅಲ್ಲಿ ಅಂಕಿ ತುಂಬಿದರೆ ಅದು ಚಿಕಿತ್ಸೆ ಬರೆದುಕೊಟ್ಟ ಹಾಗಾಗುತ್ತದೆ.

ಊಟದ ಜೊತೆ ಎಂಬ ಮಾತೂ ಅಷ್ಟು ಸರಳ ಅಲ್ಲ. ಟೊರಿನೊದಲ್ಲಿ ಬೆಳಗಿನ ತಿಂಡಿ ಎಂದರೆ ಒಂದು ಕಾಫಿ, ಎರಡು ಬಿಸ್ಕತ್ತು. ಅಮ್ಮ ಕಾಫಿ ಕುಡಿದು ಅದರ ಹಿಂದೆಯೇ ಪುಡಿ ಕುಡಿಯುತ್ತಿದ್ದರು. ಮಧ್ಯಾಹ್ನ ಅನ್ನ, ಸಾರು ಆದಮೇಲೆ ಸರಿಯಾಗಿ ಕುಡಿಯುತ್ತಿದ್ದರು. ವೈದ್ಯರ ಚೀಟಿಯಲ್ಲಿ ತುಂಬಿದ ಹೊಟ್ಟೆಯಲ್ಲಿ ಎಂದು ಸ್ಪಷ್ಟವಾಗಿತ್ತು. ಅದಕ್ಕೆ ಇಂಗ್ಲಿಷ್‌ನಲ್ಲಿ 'ವಿತ್ ಮೀಲ್ಸ್' ಎಂದು ಬಿಟ್ಟುಬಿಡದೆ, ಗಟ್ಟಿ ಆಹಾರ ತಿನ್ನುವಾಗ ತೆಗೆದುಕೊಳ್ಳಿ, ಬರೀ ಕಾಫಿ ಟೀ ಸಾಲದು ಎಂದು ಬಿಡಿಸಿ ಬರೆದೆ. ಆದರೆ ಎಂಟು ಗಂಟೆಗೊಮ್ಮೆ ಎಂದು ಬರೆಯಲಿಲ್ಲ. ದಿನಕ್ಕೆ ಮೂರು ಸಲ ಎಂದೊಡನೆ ಕೈ ತಾನಾಗಿ ಹಾಗೆ ಬರೆದುಬಿಡುತ್ತದೆ. ಹಾಳೆಯಲ್ಲಿ ಗಂಟೆಯ ಲೆಕ್ಕ ಇಲ್ಲ. ಇರುವುದು ಊಟದ ಲೆಕ್ಕ. ಎಂಟು ಗಂಟೆಗೊಮ್ಮೆ ಎಂದರೆ ಯಾರೋ ಮಧ್ಯರಾತ್ರಿ ಎದ್ದು ಬರೀ ಹೊಟ್ಟೆಯಲ್ಲಿ ಕುಡಿಯುತ್ತಾರೆ.

ಚೀಟಿಯಲ್ಲಿ ಇನ್ನೊಂದು ತೊಡಕಿತ್ತು. ದಿನಕ್ಕೆ ಮೂರು ಎಂದೂ ಇತ್ತು, ಬೇಕಾದಾಗ ಎಂದೂ ಇತ್ತು. ನೋವಿಲ್ಲದ ದಿನವೂ ಮೂರು ಕುಡಿಯಬೇಕೋ, ನೋವು ಬಂದಾಗ ಮಾತ್ರ ಕುಡಿದು ಮೂರಕ್ಕೆ ನಿಲ್ಲಿಸಬೇಕೋ? ಅಮ್ಮ ಮೊದಲನೆಯ ಅರ್ಥ ಹಿಡಿದು ದಿನಾ ಮೂರು ಕುಡಿಯುತ್ತಿದ್ದರು. ಎರಡರಲ್ಲಿ ಒಂದನ್ನು ಆರಿಸುವುದು ನನ್ನ ಕೆಲಸ ಅಲ್ಲ. ಮಗನಿಂದ ವೈದ್ಯರಿಗೆ ಫೋನ್ ಮಾಡಿಸಿದೆ. ನೋವಿದ್ದಾಗ ಮಾತ್ರ, ಮೂರು ಮೀರಬಾರದು ಎಂಬ ಉತ್ತರ ಬಂತು. ಆಮೇಲೆ ಬರೆದೆ.

ಪ್ಯಾಕೆಟ್ ಒಡೆಯುವ ವಿಧಾನಕ್ಕೆ ಒಂದು ಚಿತ್ರವನ್ನೇ ಹಾಕಬೇಕಾಯಿತು. ಪ್ಯಾಕೆಟ್‌ನ ಒಳಗೆ ಎರಡು ಪಾಲು ಇದೆ. ಒಂದು ಗೆರೆಯ ಮೇಲೆ 'ಮೆತಾ ದೋಝೆ' ಎಂದು ಅಚ್ಚಾಗಿದೆ, ಅಲ್ಲಿ ಹರಿದರೆ 40 ಮಿಲಿಗ್ರಾಂ ಸಿಗುತ್ತದೆ. ಇನ್ನೊಂದರ ಮೇಲೆ 'ದೋಝೆ ಇಂತೇರಾ' ಎಂದಿದೆ, ಅಲ್ಲಿ ಹರಿದರೆ 80. ಇಂಗ್ಲಿಷ್ ಹಾಳೆಯಲ್ಲಿ ಬರೀ 'ಹಾಫ್ ಡೋಸ್ ಲೈನ್' ಎಂದು ಬರೆದರೆ ಅಳಿಯ ಪ್ಯಾಕೆಟ್‌ನ ಮೇಲೆ ಅದನ್ನು ಹುಡುಕಿದರೂ ಸಿಗುವುದಿಲ್ಲ. ಪ್ಯಾಕೆಟ್ ಇಟಾಲಿಯನ್‌ನಲ್ಲೇ ಉಳಿದಿರುತ್ತದಲ್ವಾ? ಹಾಗಾಗಿ ಡಬ್ಬಿ ಮತ್ತು ಪ್ಯಾಕೆಟ್ ಮೇಲೆ ಅಚ್ಚಾದ ಮಾತನ್ನು ಇದ್ದ ಅಕ್ಷರದಲ್ಲೇ ಬರೆದು, ಪಕ್ಕದಲ್ಲಿ ಅರ್ಥ ಕೊಡಬೇಕು. ಮುಗಿಯುವ ದಿನಾಂಕದ ಪದಕ್ಕೂ ಹಾಗೇ ಮಾಡಿದೆ. ಅರ್ಧ ಲೋಟ ನೀರಿಗೆ ಪುಡಿ ಹಾಕಿ ಕಲಸಿ ಕುಡಿಯುವುದು ಒಂದೇ ಸಾಲಿನಲ್ಲಿ ಮುಗಿಯಿತು.

ಯಾರು ತೆಗೆದುಕೊಳ್ಳಬಾರದು

ಕೆಲಸದ ಬಹುಪಾಲು ಹೊತ್ತು ಹೋದದ್ದು ಇಲ್ಲಿ. ಬೇರೆ ಔಷಧಗಳ ಜೊತೆ ಎಂಬ ಭಾಗದಲ್ಲಿ ಹಾಳೆ ಔಷಧದ ಗುಂಪುಗಳ ಹೆಸರು ಹೇಳುತ್ತದೆ. ಮೂತ್ರ ಹೆಚ್ಚಿಸುವ ಔಷಧಗಳು, ಎಸಿಇ ಇನ್ಹಿಬಿಟರ್‌ಗಳು, ಆಂಜಿಯೊಟೆನ್ಸಿನ್ 2 ತಡೆಯುವ ಔಷಧಗಳು, ರಕ್ತ ಹೆಪ್ಪುಗಟ್ಟದಂತೆ ತಡೆಯುವವು, ಹೀಗೆ. ಪದಕ್ಕೆ ಪದ ಇಂಗ್ಲಿಷ್‌ಗೆ ತರುವುದು ಐದು ನಿಮಿಷದ ಕೆಲಸ, ತಪ್ಪೂ ಇರುವುದಿಲ್ಲ. ಆದರೆ ಓದುವವರಿಗೆ ಅದು ಏನೂ ಹೇಳುವುದಿಲ್ಲ.

ಅಮ್ಮನ ಮಾತ್ರೆ ಡಬ್ಬಿ ತರಿಸಿದೆ. ಬಿಪಿಗೆ ಒಂದು ಮಾತ್ರೆ, ಅದರ ಸ್ಟ್ರಿಪ್ ಹಿಂದೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಜೈಡ್ ಎಂದಿತ್ತು. ಹೃದಯಕ್ಕೆ ಅಂತ 75 ಮಿಲಿಗ್ರಾಂನ ಆಸ್ಪಿರಿನ್ ಇತ್ತು. ಟೆಲ್ಮಿಸಾರ್ಟನ್ ಎಂದರೆ ಹಾಳೆ ಹೇಳುವ ಆಂಜಿಯೊಟೆನ್ಸಿನ್ ತಡೆಯುವ ಗುಂಪು. ಹೈಡ್ರೋಕ್ಲೋರೋಥಯಜೈಡ್ ಎಂದರೆ ಮೂತ್ರ ಹೆಚ್ಚಿಸುವ ಗುಂಪು. ಹಾಳೆಯ ಎರಡು ಎಚ್ಚರಿಕೆ ಒಂದೇ ಮಾತ್ರೆಯೊಳಗೆ ಕೂತಿದ್ದವು. ಅಮ್ಮನಿಗೆ ಅದು ಬರೀ "ಬಿಪಿ ಮಾತ್ರೆ". ಮಗ ವೈದ್ಯರ ಹತ್ತಿರ ಹೇಳಿದ್ದೂ ಅಷ್ಟೇ, ಹೆಸರು ಹೇಳಿರಲಿಲ್ಲ.

ಬಿಪಿ ಮಾತ್ರೆಯ ಈ ಎರಡು ಔಷಧಗಳ ಜೊತೆ ಕೀಟೊಪ್ರೊಫೆನ್ ಸೇರಿದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಮೂತ್ರ ಹೆಚ್ಚಿಸುವ ಔಷಧ ಮೈಯೊಳಗಿನ ನೀರು ಕಡಿಮೆ ಮಾಡುತ್ತದೆ. ಸಾರ್ಟನ್ ಔಷಧ ಮೂತ್ರಪಿಂಡದ ಸೋಸುವ ಜಾಗದಿಂದ ರಕ್ತ ಹೊರಹೋಗುವ ಸಣ್ಣ ನಾಳವನ್ನು ಹಿಗ್ಗಿಸುತ್ತದೆ. ಕೀಟೊಪ್ರೊಫೆನ್ ಜಾತಿಯ ನೋವಿನ ಔಷಧ ಒಳಬರುವ ನಾಳವನ್ನು ಕುಗ್ಗಿಸುತ್ತದೆ. ಒಳಗೆ ಬರುವುದು ಕಡಿಮೆ, ಹೊರಗೆ ಹೋಗುವುದು ಸಲೀಸು. ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ವಯಸ್ಸಾದವರಲ್ಲಿ, ನೀರು ಕಡಿಮೆ ಕುಡಿಯುವವರಲ್ಲಿ ಇದು ಬೇಗ ಕಾಣಿಸುತ್ತದೆ. ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಬೇರೆ. ಅನುವಾದದ ಹಾಳೆಯಲ್ಲಿ ಇಷ್ಟೆಲ್ಲ ಬೇಡ. ಅನುವಾದ ಮಾಡುವವರಿಗೆ ಮಾತ್ರ ಗೊತ್ತಿರಬೇಕು. ಇಲ್ಲದಿದ್ದರೆ ಯಾವ ಸಾಲು ಈ ಮನೆಗೆ ಮುಖ್ಯ ಎಂದು ತಿಳಿಯುವುದಿಲ್ಲ.

ಇಂಗ್ಲಿಷ್‌ನಲ್ಲಿ ಬರೆದದ್ದು ಹೀಗೆ: ನೀವು ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಪುಡಿ ಕುಡಿಯುವ ಮೊದಲು ವೈದ್ಯರ ಅಥವಾ ಫಾರ್ಮಸಿಸ್ಟ್ ಹತ್ತಿರ ಮಾತನಾಡಿ. ಹೆಸರಿನ ಕೊನೆಯಲ್ಲಿ 'ಸಾರ್ಟನ್' ಅಥವಾ 'ಪ್ರಿಲ್' ಇರುವ ಮಾತ್ರೆಗಳು, ಮೂತ್ರ ಹೆಚ್ಚು ಮಾಡುವ ಮಾತ್ರೆಗಳು ಇದರಲ್ಲಿ ಸೇರುತ್ತವೆ. ಒಂದೇ ಮಾತ್ರೆಯಲ್ಲಿ ಎರಡು ಔಷಧ ಇರಬಹುದು, ಸ್ಟ್ರಿಪ್ ಹಿಂದೆ ಓದಿ ನೋಡಿ. 'ಸಾರ್ಟನ್', 'ಪ್ರಿಲ್' ಎಂಬ ಗುರುತು ಮೂಲ ಹಾಳೆಯಲ್ಲಿ ಇಲ್ಲ. ನಾನು ಸೇರಿಸಿದ್ದು. ಅದಕ್ಕೇ ಆ ಸಾಲನ್ನು ಬೇರೆ ಬಣ್ಣದ ಚೌಕದಲ್ಲಿ ಹಾಕಿ, ಇದು ಅನುವಾದಕರ ವಿವರಣೆ ಎಂದು ಬರೆದೆ. ಮೂಲದ ಮಾತು ಯಾವುದು, ಸೇರಿಸಿದ ಮಾತು ಯಾವುದು ಎಂದು ಮುಂದೆ ನೋಡುವ ವೈದ್ಯರಿಗೆ ಗೊತ್ತಾಗಬೇಕು.

ಈ ಭಾಗದ ಇನ್ನೊಂದು ಕಷ್ಟ ಎಂದರೆ ಕರ್ತೃ ಇಲ್ಲದ ವಾಕ್ಯ. "ಎಚ್ಚರಿಕೆಯಿಂದ ಬಳಸತಕ್ಕದ್ದು", "ಚಿಕಿತ್ಸೆಯನ್ನು ನಿಲ್ಲಿಸತಕ್ಕದ್ದು" ಎಂಬ ಧಾಟಿ. ಎಚ್ಚರಿಕೆಯಿಂದ ಬಳಸುವುದು ಎಂದರೆ ಮನೆಯಲ್ಲಿ ಕೂತ ಮನುಷ್ಯ ಏನು ಮಾಡಬೇಕು? ಮೆಲ್ಲಗೆ ಕುಡಿಯಬೇಕೇ? ಅದು ವೈದ್ಯರಿಗೆ ಹೇಳಿದ ಮಾತು. ಓದುಗರ ಪಾಲಿಗೆ ಅದರ ಅರ್ಥ, ಮೊದಲು ವೈದ್ಯರನ್ನು ಕೇಳಿ ಎಂದು. ಇನ್ನು ನಿಲ್ಲಿಸುವುದಕ್ಕೆ ಇಟಾಲಿಯನ್ ಪದ 'ಸೊಸ್ಪೆಂದೆರೆ'. ಮಗ ಅದನ್ನು 'ಸಸ್ಪೆಂಡ್' ಎಂದು ಬರೆದಿದ್ದ. ಸಸ್ಪೆಂಡ್ ಎಂದರೆ ಸ್ವಲ್ಪ ದಿನ ಬಿಟ್ಟು ಮತ್ತೆ ಶುರು ಮಾಡಬಹುದು ಎಂಬ ಭಾವನೆ ಬರುತ್ತದೆ. 'ಸ್ಟಾಪ್ ಟೇಕಿಂಗ್ ಇಟ್' ಎಂದರೆ ಅನುಮಾನ ಉಳಿಯುವುದಿಲ್ಲ.

ಅಡ್ಡ ಪರಿಣಾಮಗಳ ಪಟ್ಟಿ

ಯುರೋಪಿನ ಹಾಳೆಗಳಲ್ಲಿ ಅಡ್ಡ ಪರಿಣಾಮಗಳನ್ನು ಎಷ್ಟು ಜನರಿಗೆ ಆಗಬಹುದು ಎಂಬುದರ ಮೇಲೆ ಜೋಡಿಸಿರುತ್ತಾರೆ. 'ಕೊಮೂನೆ' ಎಂದರೆ 10 ಜನರಲ್ಲಿ ಒಬ್ಬರವರೆಗೆ. ಅದರ ಕೆಳಗೆ 100ರಲ್ಲಿ ಒಬ್ಬರು, 1,000ದಲ್ಲಿ ಒಬ್ಬರು, 10,000ದಲ್ಲಿ ಒಬ್ಬರು. ಬರೀ 'ಕಾಮನ್' ಎಂದು ಬರೆದರೆ ಜನ ಅಪಾಯವನ್ನು ಇರುವುದಕ್ಕಿಂತ ತುಂಬ ಜಾಸ್ತಿ ಅಂದಾಜು ಮಾಡುತ್ತಾರೆ. ಅರ್ಧಕ್ಕರ್ಧ ಜನರಿಗೆ ಆಗುತ್ತದೇನೋ ಎಂದುಕೊಳ್ಳುತ್ತಾರೆ. ಅದಕ್ಕೆ ಪದದ ಪಕ್ಕದಲ್ಲಿ ಅಂಕಿ ಇರಲೇಬೇಕು. ಅಂಕಿಯಲ್ಲೂ ಒಂದು ಕುತ್ತು ಇದೆ. ಇಟಲಿಯಲ್ಲಿ ಸಾವಿರಕ್ಕೆ ಚುಕ್ಕೆ, ದಶಮಾಂಶಕ್ಕೆ ಅಲ್ಪವಿರಾಮ. 1.000 ಎಂದರೆ ಸಾವಿರ, 2,5 ಎಂದರೆ ಎರಡೂವರೆ. ಚುಕ್ಕೆಯನ್ನು ಹಾಗೇ ಉಳಿಸಿದರೆ ಸಾವಿರದಲ್ಲಿ ಒಬ್ಬರು ಎಂಬುದು ಒಬ್ಬರಲ್ಲಿ ಒಬ್ಬರು ಆಗಿಬಿಡುತ್ತದೆ. ಎಲ್ಲ ಅಂಕಿ ಬರೆದು ಮುಗಿದ ಮೇಲೆ ಅಂಕಿಗಳನ್ನು ಮಾತ್ರ ಇನ್ನೊಂದು ಸಲ ಬೆರಳಿಟ್ಟು ನೋಡುವುದು ಒಳ್ಳೆಯದು.

ಈ ಪಟ್ಟಿಯ ಕೊನೆಯಲ್ಲಿ 'ನೋನ್ ನೋತಾ' ಎಂಬ ಗುಂಪು ಬರುತ್ತದೆ. ಸಿಕ್ಕಿರುವ ಮಾಹಿತಿಯಿಂದ ಎಷ್ಟು ಜನರಿಗೆ ಎಂದು ಲೆಕ್ಕ ಹಾಕಲು ಆಗುವುದಿಲ್ಲ ಎಂದು ಅರ್ಥ. ಹತ್ತು ಸಾವಿರದಲ್ಲಿ ಒಬ್ಬರು ಎಂಬುದರ ಕೆಳಗೆ ಇದು ಬರುವುದರಿಂದ, ಓದುವವರು ಇದು ಅದಕ್ಕಿಂತಲೂ ಅಪರೂಪ ಎಂದುಕೊಳ್ಳುತ್ತಾರೆ. ಕೀಟೊಪ್ರೊಫೆನ್‌ನ ಪಟ್ಟಿಯಲ್ಲಿ ಹೊಟ್ಟೆ ಅಥವಾ ಕರುಳಿನ ರಕ್ತಸ್ರಾವ, ತೂತು ಬೀಳುವುದು, ಉಸಿರಾಟದ ನಾಳ ಬಿಗಿಯುವುದು, ಮುಖ ನಾಲಿಗೆ ಊದುವುದು, ಮೂತ್ರಪಿಂಡ ಕೈಕೊಡುವುದು ಇರುವುದು ಇದೇ ಗುಂಪಿನಲ್ಲಿ. ಮೊದಲಿನ ಗುಂಪಿನಲ್ಲಿರುವುದು ವಾಕರಿಕೆ, ವಾಂತಿ, ಹೊಟ್ಟೆ ನೋವು, ಅಜೀರ್ಣ. ಅಂದರೆ ಕ್ರಮವಾಗಿ ಓದುತ್ತಾ ಬಂದವರು ಸುಸ್ತಾಗುವ ಹೊತ್ತಿಗೆ ಜೀವಕ್ಕೆ ಕುತ್ತಾಗುವ ಲಕ್ಷಣಗಳು ಬರುತ್ತವೆ.

ಇಲ್ಲಿ ನಾನು ಕ್ರಮ ಬದಲಿಸಿದೆ. ಏನಾಗಬಹುದು ಎನ್ನುವುದಕ್ಕಿಂತ ಏನು ಮಾಡಬೇಕು ಎನ್ನುವುದರ ಮೇಲೆ ಮೂರು ಗುಂಪು. ಮೊದಲನೆಯದು, ಔಷಧ ನಿಲ್ಲಿಸಿ ಈಗಲೇ ತುರ್ತು ಸಹಾಯ ಪಡೆಯಿರಿ. ಎರಡನೆಯದು, ನಿಲ್ಲಿಸಿ ಇವತ್ತೇ ವೈದ್ಯರಿಗೆ ಫೋನ್ ಮಾಡಿ. ಮೂರನೆಯದು, ಹೋಗದೆ ಉಳಿದರೆ ವೈದ್ಯರಿಗೆ ತಿಳಿಸಿ. ಯಾವ ಲಕ್ಷಣ ಯಾವ ಗುಂಪಿಗೆ ಎಂದು ನನ್ನಷ್ಟಕ್ಕೆ ತೀರ್ಮಾನಿಸಲಿಲ್ಲ. ಮೂಲದಲ್ಲಿ ತಕ್ಷಣ ನಿಲ್ಲಿಸಿ ಎಂದಿದೆಯೋ, ವೈದ್ಯರಿಗೆ ತಿಳಿಸಿ ಎಂದಿದೆಯೋ ನೋಡಿದೆ. ಅಲ್ಲಿ ಸ್ಪಷ್ಟ ಇಲ್ಲದ ಕಡೆ ಟೊರಿನೊದ ಒಬ್ಬ ಫಾರ್ಮಸಿಸ್ಟ್ ಜೊತೆ ಕೂತು ಒಂದೊಂದಾಗಿ ಕೇಳಿದೆ. ಎಷ್ಟು ಜನರಿಗೆ ಎಂಬ ಅಂಕಿಯನ್ನು ಪ್ರತಿ ಲಕ್ಷಣದ ಪಕ್ಕದಲ್ಲಿ ಉಳಿಸಿದೆ. 'ನೋನ್ ನೋತಾ' ಇರುವ ಕಡೆ, ಎಷ್ಟು ಜನರಿಗೆ ಎಂದು ಗೊತ್ತಾಗಿಲ್ಲ, ಅಪರೂಪ ಎಂದು ಅರ್ಥವಲ್ಲ ಎಂದು ಬರೆದೆ.

ಲಕ್ಷಣಗಳ ಹೆಸರಿಗೆ ಬರುತ್ತೇನೆ. ಹಾಳೆಯಲ್ಲಿ 'ಮೆಲೆನಾ' ಎಂದಿದೆ, 'ಎಮತೇಮೆಸಿ' ಎಂದಿದೆ. ಇವು ವೈದ್ಯರ ಪದಗಳು, ಇಟಾಲಿಯನ್ನರಲ್ಲೂ ಬಹಳ ಜನರಿಗೆ ಅರ್ಥವಾಗುವುದಿಲ್ಲ. ಕಣ್ಣಿಗೆ ಕಾಣುವ ಹಾಗೆ ಬರೆಯಬೇಕು. ಮಲ ಕಪ್ಪಗೆ, ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಬರುವುದು. ವಾಂತಿಯಲ್ಲಿ ಕೆಂಪು ರಕ್ತ, ಅಥವಾ ಕಾಫಿ ಚರಟದಂಥ ಕಂದು ಹರಳು ಬರುವುದು. ಅಂಟಂಟು, ವಾಸನೆ ಎಂಬ ಮಾತನ್ನು ಬಿಡಲು ಆಗುತ್ತಿರಲಿಲ್ಲ. ಅಮ್ಮ ಈ ಹಿಂದೆ ಕಬ್ಬಿಣದ ಮಾತ್ರೆ ತೆಗೆದುಕೊಂಡಿದ್ದರು. ಕಬ್ಬಿಣದ ಮಾತ್ರೆಗೂ ಮಲ ಕಪ್ಪಾಗುತ್ತದೆ. "ಕಪ್ಪಗಾದ್ರೆ ಏನೂ ಇಲ್ಲಮ್ಮ, ನಂಗೆ ಮೊದ್ಲೂ ಆಗಿತ್ತು" ಎಂದು ಅವರೇ ಹೇಳಿದರು. ಬರೀ ಕಪ್ಪು ಎಂದು ಬರೆದಿದ್ದರೆ ಅವರು ಸುಮ್ಮನಿದ್ದುಬಿಡುತ್ತಿದ್ದರು.

ಸರಳ ಇಂಗ್ಲಿಷ್ ಎಂಬುದು ಎಲ್ಲರಿಗೂ ಒಂದೇ ಅಲ್ಲ ಎಂಬುದು ಈ ಮನೆಯಲ್ಲಿ ಚೆನ್ನಾಗಿ ಕಂಡಿತು. ಬ್ರಿಟನ್, ಐರ್ಲೆಂಡ್ ಕಡೆ ವಾಂತಿಗೆ 'ಬೀಯಿಂಗ್ ಸಿಕ್' ಎನ್ನುತ್ತಾರೆ. ಸರಳ ಬರಹದ ಕೈಪಿಡಿಗಳೂ ಅದನ್ನೇ ಹೇಳುತ್ತವೆ. ನಮ್ಮ ಕಡೆಯ ಇಂಗ್ಲಿಷ್‌ನಲ್ಲಿ ಅದರ ಅರ್ಥ ಹುಷಾರಿಲ್ಲ ಎಂದು. ಹಾಗಾಗಿ ಇಬ್ಬರಿಗೂ ಗೊತ್ತಿರುವ 'ವಾಮಿಟಿಂಗ್' ಉಳಿಸಿಕೊಂಡೆ. ಎದೆಯುರಿಗೆ ಅಳಿಯನ ಮಾತು 'ಹಾರ್ಟ್‌ಬರ್ನ್', ಅಮ್ಮನ ಮಾತು 'ಆ್ಯಸಿಡಿಟಿ'. ಅಮ್ಮ 'ಹಾರ್ಟ್‌ಬರ್ನ್' ಓದಿ, ಹೃದಯದ ತೊಂದರೆಯಾ ಎಂದು ಕೇಳಿದರು. ಅಲ್ಲಿ ಎರಡನ್ನೂ ಬರೆದೆ. ಭೇದಿಗೆ 'ಡಯರಿಯಾ' ಜೊತೆ 'ಲೂಸ್ ಮೋಷನ್ಸ್' ಸೇರಿಸಿದೆ. 'ವಾಟರ್ ಟ್ಯಾಬ್ಲೆಟ್' ಎಂದರೆ ಐರ್ಲೆಂಡಿನಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆ. ಅಮ್ಮ ಅದನ್ನು ನೀರಿನಲ್ಲಿ ಕರಗಿಸುವ ಮಾತ್ರೆ ಎಂದುಕೊಂಡರು. ಆ ಪದ ತೆಗೆದುಹಾಕಿ, ಮೂತ್ರ ಹೆಚ್ಚು ಬರುವಂತೆ ಮಾಡುವ ಮಾತ್ರೆ ಎಂದೇ ಬರೆದೆ.

ವಯಸ್ಸಾದವರಲ್ಲಿ ಹೊಟ್ಟೆಯ ರಕ್ತಸ್ರಾವ ಮತ್ತು ತೂತು ಬೀಳುವುದು ಜಾಸ್ತಿ, ಅದು ಪ್ರಾಣಕ್ಕೇ ಅಪಾಯ ಆಗಬಹುದು ಎಂಬ ಸಾಲೂ ಮೂಲದಲ್ಲಿದೆ. ಮಗ ಅದನ್ನು ಬಿಟ್ಟುಬಿಡಿ ಎಂದು ಕೇಳಿಕೊಂಡ. "ಅಮ್ಮ ಹೆದರ್ಕೊಂಡು ಔಷಧನೇ ಬಿಟ್ಟುಬಿಡ್ತಾರೆ ಅಕ್ಕ." ಅವನ ಕಾಳಜಿ ಅರ್ಥವಾಗುತ್ತದೆ. ಆದರೆ ಆ ಸಾಲು ಇರುವುದೇ ಈ ವಯಸ್ಸಿನವರಿಗಾಗಿ. ಬಿಡಲಿಲ್ಲ, ಮೆತ್ತಗೂ ಮಾಡಲಿಲ್ಲ. ಒಂಟಿಯಾಗಿ ಹೆದರಿಸದ ಹಾಗೆ, ಅದರ ಪಕ್ಕದಲ್ಲೇ ಯಾವ ಲಕ್ಷಣ ನೋಡಬೇಕು, ಕಂಡರೆ ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಹಾಕಿದೆ. ನಂಬರ್ ಐರ್ಲೆಂಡಿನದು, 112 ಅಥವಾ 999.

ಓದಿಸಿ ನೋಡಿದ್ದು

ಯುರೋಪಿನಲ್ಲಿ ಔಷಧ ಕಂಪನಿಗಳು ಈ ಹಾಳೆಗಳನ್ನು ಜನರಿಗೆ ಓದಿಸಿ ಪರೀಕ್ಷೆ ಮಾಡಲೇಬೇಕು. ಓದಿದವರಲ್ಲಿ ಶೇ. 90 ಜನರಿಗೆ ಬೇಕಾದ ಮಾಹಿತಿ ಸಿಗಬೇಕು, ಸಿಕ್ಕವರಲ್ಲಿ ಶೇ. 90 ಜನರಿಗೆ ಅರ್ಥವಾಗಬೇಕು ಎಂಬ ಅಳತೆ ಇದೆ. ಮನೆಯ ಹಾಳೆಗೆ ಅಷ್ಟು ಜನ ಎಲ್ಲಿಂದ ಬರಬೇಕು? ಆದರೆ ಕೇಳುವ ರೀತಿಯನ್ನು ಅಲ್ಲಿಂದ ತೆಗೆದುಕೊಳ್ಳಬಹುದು. ಅರ್ಥವಾಯಿತಾ ಎಂದು ಕೇಳಬಾರದು, ಎಲ್ಲರೂ ಹೂಂ ಎನ್ನುತ್ತಾರೆ. ಸಂದರ್ಭ ಹೇಳಿ, ಏನು ಮಾಡುತ್ತೀರಿ ಎಂದು ಕೇಳಬೇಕು. ಅಳಿಯನಿಗೆ ಫೋನಿನಲ್ಲಿ ಕೇಳಿದೆ: ರಾತ್ರಿ ಅತ್ತೆಗೆ ನೋವು, ಊಟ ಆಗಿಲ್ಲ, ಬೆಳಗ್ಗಿನಿಂದ ಮೂರು ಪ್ಯಾಕೆಟ್ ಆಗಿದೆ. ಹಾಳೆ ನೋಡಿ, ಕೊಡುವುದಿಲ್ಲ ಎಂದರು. ಪ್ಯಾಕೆಟ್‌ನ ಎರಡು ಗೆರೆಯನ್ನೂ ಚಿತ್ರ ನೋಡಿ ಸರಿಯಾಗಿ ಗುರುತಿಸಿದರು.

ಅಮ್ಮನಿಗೆ ಎರಡನೆಯ ಗುಂಪು ಓದಿಸುತ್ತಿದ್ದಾಗ ಕಾಲು ಅಥವಾ ಪಾದ ಊದುವುದು ಎಂಬ ಸಾಲು ಬಂತು. ಮೂಲದಲ್ಲಿ ಅದು 'ಎದೇಮಾ' ಎಂದಷ್ಟೇ ಇತ್ತು. ಅವರು ಓದುವುದು ನಿಲ್ಲಿಸಿ, "ಇದು ನಂಗೆ ಇದೆಯಲ್ಲಾ. ಚಪ್ಪಲಿ ಬಿಗಿ ಆಗ್ತಿದೆ. ಚಳಿಗೆ ಅಂದ್ಕೊಂಡಿದ್ದೆ" ಎಂದರು. ಮಗನಿಗೆ ಅದು ಗೊತ್ತೇ ಇರಲಿಲ್ಲ. ಹಾಳೆಯ ಪ್ರಕಾರ ಅವತ್ತೇ ಪುಡಿ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿದರು, ಈ ಸಲ ಬಿಪಿ ಮಾತ್ರೆಯ ಹಿಂದಿನ ಹೆಸರನ್ನೂ ಓದಿ ಹೇಳಿದರು. ಪುಡಿ ಮತ್ತೆ ಶುರು ಮಾಡಬೇಡಿ, ಬಿಪಿ ಮಾತ್ರೆ ಮತ್ತು ಆಸ್ಪಿರಿನ್ ಬಿಡಬೇಡಿ ಎಂದರು ವೈದ್ಯರು. ನೋವಿಗೆ ಪ್ಯಾರಾಸಿಟಮಾಲ್ ಬರೆದರು, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಲು ರಕ್ತ ಪರೀಕ್ಷೆ ಮಾಡಿಸಿದರು. ಕ್ರಿಯಾಟಿನಿನ್ ಸ್ವಲ್ಪ ಮೇಲಿತ್ತು. ಕಾರ್ಕ್‌ಗೆ ಹೋದ ಮೇಲೆ ಮತ್ತೆ ಮಾಡಿಸಿದಾಗ ಇಳಿದಿತ್ತು, ಪಾದದ ಊತವೂ ಹೋಗಿತ್ತು. ಅಲ್ಲಿನ ವೈದ್ಯರಿಗೆ ಇಂಗ್ಲಿಷ್ ಹಾಳೆ, ಮೂಲ ಹಾಳೆ ಎರಡನ್ನೂ ತೋರಿಸಿದ್ದರು. ಬಣ್ಣದ ಚೌಕ ಇದ್ದದ್ದರಿಂದ ಸೇರಿಸಿದ ಮಾತು ಯಾವುದು ಎಂದು ಅವರು ಕೇಳಬೇಕಾಗಲಿಲ್ಲ.

ಆಮೇಲೊಂದು ಸಲ ಅಳಿಯನೇ ಟೊರಿನೊಗೆ ಬಂದಾಗ ತಲೆನೋವಿಗೆ ಅಂಗಡಿಯಲ್ಲಿ ಒಂದು ಡಬ್ಬಿ ಕೊಂಡರು. ಅದೂ ಕೀಟೊಪ್ರೊಫೆನ್ ಲೈಸಿನ್ ಸಾಲ್ಟೇ, ಚೀಟಿ ಇಲ್ಲದೆ ಸಿಗುವ 40 ಮಿಲಿಗ್ರಾಂನದು. ಅತ್ತೆಗೆ ಮಾಡಿದ ಹಾಳೆಯನ್ನೇ ನೋಡಿಕೊಳ್ಳಲಾ ಎಂದು ಮೆಸೇಜ್ ಮಾಡಿದರು. ಬೇಡ ಎಂದು ತಿಳಿಸಿದೆ. ಆ ಪುಡಿಯನ್ನು ನೀರಿಲ್ಲದೆ ನೇರ ನಾಲಿಗೆಯ ಮೇಲೆ ಹಾಕಿಕೊಳ್ಳಬಹುದು. ಪ್ರಮಾಣ ಬೇರೆ, ಯಾರು ತೆಗೆದುಕೊಳ್ಳಬಹುದು ಎಂಬ ವಯಸ್ಸಿನ ಸಾಲನ್ನೂ ಅದರ ಹಾಳೆಯಲ್ಲೇ ನೋಡಬೇಕು. ಅವತ್ತೇ ಹಳೆಯ ಇಂಗ್ಲಿಷ್ ಹಾಳೆಯ ತಲೆಯಲ್ಲಿ ಔಷಧದ ಹೆಸರಿನ ಕೆಳಗೆ 80 ಮಿಲಿಗ್ರಾಂ, ನೀರಿನಲ್ಲಿ ಕಲಸುವ ಪುಡಿ, ಮೂಲ ಹಾಳೆಯ ಪರಿಷ್ಕರಣೆಯ ದಿನಾಂಕ, ಮತ್ತು ಈ ಡಬ್ಬಿಗೆ ಮಾತ್ರ ಎಂಬ ಮಾತನ್ನು ದೊಡ್ಡ ಅಕ್ಷರದಲ್ಲಿ ಸೇರಿಸಿ ಕಾರ್ಕ್‌ಗೆ ಮತ್ತೆ ಕಳಿಸಿದೆ.